‘ಬೆಕ್ಕು’ ಎಂಬ ಉತ್ತರವನ್ನು ತಿದ್ದಬೇಡಿ

ಸಂಪಾದಕರೇ, ಐದೂವರೆ ವರ್ಷದ ನನ್ನ ಮಗ ದಿನವಿಡೀ ಒಗಟು ಕೇಳುತ್ತಾನೆ. ಒಂದಕ್ಕೂ ತಲೆಬುಡವಿಲ್ಲ. ಅವನ ಒಂಬತ್ತು ವರ್ಷದ ಅಕ್ಕ, ‘ಆರರ ಪಕ್ಕದಲ್ಲೇ ಕೂತಿರುತ್ತಾನೆ, ಎಲ್ಲರೂ ಏಳು ಏಳು ಎಂದರೂ ಏಳುವುದಿಲ್ಲ, ಯಾರು?’ ಎಂದು ಕೇಳಿದಳು. ಏಳು ಎಂಬ ಅಂಕಿಯೇ ಉತ್ತರ. ಇವನು ಅದನ್ನು ಕೇಳಿಸಿಕೊಂಡು, ‘ಆರರ ಪಕ್ಕ ಕೂತವನು ಯಾರು? ಬೆಕ್ಕು!’ ಎಂದು ಹೇಳಿ ಬಿದ್ದು ಬಿದ್ದು ನಗುತ್ತಾನೆ. ಅಕ್ಕ ‘ದಡ್ಡ’ ಎನ್ನುತ್ತಾಳೆ, ಇವನ ತಂದೆ ಪ್ರತಿ ಸಲವೂ ಕೂರಿಸಿಕೊಂಡು ತಿದ್ದುತ್ತಾರೆ. ತಿದ್ದುವುದು ಸರಿಯೇ?
— ಒಬ್ಬ ಓದುಗರು

ತಾಯೀ, ನಿಮ್ಮ ಯಜಮಾನರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಮಗ ಯೋಚಿಸಿ ಮಾತನಾಡಲಿ ಎಂದು ತಂದೆ ಬಯಸುವುದು ಸಹಜ. ಆದರೆ ಈ ವಿಷಯದಲ್ಲಿ ನಾನು ಪೂರ್ತಿಯಾಗಿ ನಿಮ್ಮ ಮಗನ ಪಕ್ಷ. ಅವನು ಒಗಟನ್ನು ಕೆಡಿಸುತ್ತಿಲ್ಲ, ಕಟ್ಟುತ್ತಿದ್ದಾನೆ. ಒಗಟಿನ ಅರ್ಧಭಾಗ ಅವನಿಗೆ ಈಗಾಗಲೇ ಬಂದಿದೆ: ಪ್ರಶ್ನೆ ಕೇಳಬೇಕು, ಕೇಳುಗರನ್ನು ಒಂದು ಕ್ಷಣ ಕಾಯಿಸಬೇಕು, ಅವರು ನಿರೀಕ್ಷಿಸದ ಉತ್ತರ ಕೊಡಬೇಕು, ಆಮೇಲೆ ನಗಬೇಕು. ಬಾರದಿರುವುದು ಉಳಿದರ್ಧ. ಆ ಅನಿರೀಕ್ಷಿತ ಉತ್ತರ ಇನ್ನೊಂದು ದಾರಿಯಿಂದ ನೋಡಿದರೆ ಸರಿಯೇ ಆಗಿರಬೇಕು ಎಂಬುದು ಅವನಿಗೆ ಇನ್ನೂ ಹೊಳೆದಿಲ್ಲ.

ಇದು ನನ್ನ ಊಹೆಯಲ್ಲ. ಥಾಮಸ್ ಶುಲ್ಟ್ಜ್ ಎಂಬ ಮನೋವಿಜ್ಞಾನಿ 1974ರಲ್ಲಿ ಮಕ್ಕಳಿಗೆ ಒಗಟುಗಳನ್ನು ಹೇಳಿ ಪರೀಕ್ಷಿಸಿದರು. ಕೆಲವು ಒಗಟುಗಳು ಇದ್ದ ಹಾಗೇ ಇದ್ದವು. ಕೆಲವಕ್ಕೆ ವಿಚಿತ್ರವಾದ, ಆದರೆ ಪ್ರಶ್ನೆಗೆ ಹೊಂದದ ಉತ್ತರ ಜೋಡಿಸಿದ್ದರು. ಎಂಟು ವರ್ಷ ದಾಟಿದ ಮಕ್ಕಳಿಗೆ ಹೊಂದುವ ಉತ್ತರವೇ ಹೆಚ್ಚು ತಮಾಷೆಯಾಗಿ ಕಂಡಿತು. ಆರು ವರ್ಷದವರಿಗೆ ಎರಡೂ ಒಂದೇ. ವಿಚಿತ್ರವಾಗಿದ್ದರೆ ಸಾಕು, ಅವರು ನಗುತ್ತಿದ್ದರು. ನಿಮ್ಮ ಮನೆಯ ಅಕ್ಕ, ತಮ್ಮ ಈ ಗೆರೆಯ ಎರಡು ಬದಿಗೆ ನಿಂತಿದ್ದಾರೆ, ಅಷ್ಟೇ. ವಯಸ್ಸು ಮಗುವಿನಿಂದ ಮಗುವಿಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಅಕ್ಕನೂ ಐದೂವರೆಯಲ್ಲಿ ಹೀಗೆಯೇ ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ಉಳಿದರ್ಧ ಏಕೆ ಬಂದಿಲ್ಲ? ಚಿಕ್ಕ ಮಗುವಿಗೆ ಪದವೂ ವಸ್ತುವೂ ಅಂಟಿಕೊಂಡಿರುತ್ತವೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ‘ರೈಲು, ಜೇನುಹುಳು, ಇವೆರಡರಲ್ಲಿ ಯಾವ ಪದ ಉದ್ದ?’ ಎಂದು ಮಗನನ್ನು ಕೇಳಿ. ‘ರೈಲು’ ಎಂದರೆ ಆಶ್ಚರ್ಯಪಡಬೇಡಿ. ನನ್ನ ಸಹೋದ್ಯೋಗಿಯ ಮಗಳು ಇದೇ ಪ್ರಶ್ನೆಗೆ ಎರಡೂ ಕೈ ಚಾಚಿ, ‘ರೈಲಿಗೆ ಎಷ್ಟೊಂದು ಡಬ್ಬಿ ಇರುತ್ತದೆ, ಗೊತ್ತಿಲ್ಲವಾ?’ ಎಂದು ನನಗೇ ಪಾಠ ಹೇಳಿದಳು. ಪದವನ್ನು ವಸ್ತುವಿನಿಂದ ಬಿಡಿಸಿ, ಬರೀ ಸದ್ದಾಗಿ ಕೇಳಿಸಿಕೊಳ್ಳುವುದು ಅವಳಿಗೆ ಆಗ ಸಾಧ್ಯವಿರಲಿಲ್ಲ. ಅಕ್ಕನ ಒಗಟು ನಿಂತಿರುವುದೇ ಆ ಬಿಡಿಸುವಿಕೆಯ ಮೇಲೆ. ‘ಏಳು’ ಎಂಬ ಒಂದೇ ಸದ್ದನ್ನು ಅಂಕಿಯಾಗಿಯೂ ಆಜ್ಞೆಯಾಗಿಯೂ ಏಕಕಾಲಕ್ಕೆ ಹಿಡಿದುಕೊಳ್ಳಬೇಕು. ಒಂದು ಅರ್ಥವನ್ನೇ ನೆಚ್ಚಿ ಕೂತವನಿಗೆ ಅಲ್ಲಿ ಮೋಸ ಕಾಣುವುದಿಲ್ಲ, ಆದ್ದರಿಂದ ನಗುವೂ ಇಲ್ಲ. ಅವನು ತನಗೆ ಕಂಡ ತಮಾಷೆಯನ್ನೇ ಅಲ್ಲಿ ಇಡುತ್ತಾನೆ. ಬೆಕ್ಕನ್ನು ಕೂರಿಸುತ್ತಾನೆ.

ಮಗು ಮೊದಲಿನಿಂದಲೂ ಹೀಗೆಯೇ ನಕ್ಕಿದೆ. ಯಾವುದು ಈಗಷ್ಟೇ ಗಟ್ಟಿಯಾಗಿ ತಿಳಿಯಿತೋ ಅದನ್ನು ಅಲುಗಾಡಿಸಿ ನಗುವುದು ಅದರ ಕ್ರಮ. ಮುಖ ಮುಚ್ಚಿ ‘ಬೂ’ ಎಂದು ತೆರೆಯುವ ಆಟವನ್ನೇ ನೋಡಿ. ಪ್ಯಾರಟ್ ಮತ್ತು ಗ್ಲೈಟ್‌ಮನ್ ಎಂಬ ಸಂಶೋಧಕರು 1989ರಲ್ಲಿ ಆರರಿಂದ ಎಂಟು ತಿಂಗಳ ಕೂಸುಗಳೊಂದಿಗೆ ಈ ಆಟವಾಡಿ, ನಡುನಡುವೆ ಒಂದು ಕೈಚಳಕ ಮಾಡಿದರು: ಮರೆಯಾದವರ ಬದಲು ಬೇರೆಯವರು ಕಾಣಿಸಿಕೊಂಡರು, ಇಲ್ಲವೇ ಅದೇ ವ್ಯಕ್ತಿ ಬೇರೆ ಜಾಗದಲ್ಲಿ ಕಾಣಿಸಿಕೊಂಡರು. ಬರೀ ಬೆರಗೇ ನಗಿಸುವುದಾದರೆ ಆಗ ಹೆಚ್ಚು ನಗಬೇಕಿತ್ತು. ಕೂಸುಗಳು ಕಡಿಮೆ ನಕ್ಕವು. ಅಮ್ಮ ಬರುತ್ತಾಳೆ, ಇಲ್ಲಿಗೇ ಬರುತ್ತಾಳೆ ಎಂಬ ನಿರೀಕ್ಷೆ ಒಂದಿಷ್ಟು ತೂಗಾಡಿ ಮತ್ತೆ ನಿಜವಾಗುವುದರಲ್ಲಿಯೇ ಅವುಗಳ ಸುಖ.

ಎರಡು ವರ್ಷದ ಹೊತ್ತಿಗೆ ಅದೇ ಆಟ ಮಾತಿಗೆ ಬರುತ್ತದೆ. ರಷ್ಯಾದ ಮಕ್ಕಳ ಕವಿ ಕಾರ್ನೇಯ್ ಚುಕೋವ್‌ಸ್ಕಿ ತಮ್ಮ ಮಗಳ ಕುರಿತು ಬರೆದಿದ್ದಾರೆ. ಎರಡು ವರ್ಷ ತುಂಬದ ಆ ಹುಡುಗಿ ಒಂದು ದಿನ ಬಂದು, ನಾಯಿ ‘ಮಿಯಾಂವ್’ ಎನ್ನುತ್ತದೆ ಎಂದು ಹೇಳಿ ನಕ್ಕಳಂತೆ. ನಾಯಿ ಹೇಗೆ ಕೂಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಪ್ಪು ಹೇಳುವ ಧೈರ್ಯ ಬಂತು. ಅಪ್ಪ ಅವಳನ್ನು ತಿದ್ದಲಿಲ್ಲ, ಆಟಕ್ಕೆ ತಾನೂ ಸೇರಿಕೊಂಡ. ಆ ಅಪ್ಪನನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಹಾಗಾದರೆ ನೀವೇನು ಮಾಡಬೇಕು? ಮೊದಲು, ಒಗಟನ್ನು ಬಿಡಿಸಿ ವಿವರಿಸುವುದನ್ನು ನಿಲ್ಲಿಸಿ. ‘ಏಳು ಅಂದರೆ ಎರಡು ಅರ್ಥ ಇದೆ, ನೋಡು’ ಎಂದಾಗ ಅವನು ತಲೆಯಾಡಿಸುತ್ತಾನೆ, ಮರುಗಳಿಗೆ ಮತ್ತೆ ಬೆಕ್ಕನ್ನೇ ತರುತ್ತಾನೆ. ಹಟವಲ್ಲ, ಅವನಿಗೆ ನಿಮ್ಮ ವಿವರಣೆ ಹಿಡಿಯುವ ಜಾಗ ಇನ್ನೂ ಆಗಿಲ್ಲ. ಅದರ ಬದಲು ಉತ್ತರವನ್ನು ಒಪ್ಪಿಕೊಂಡು, ‘ಬೆಕ್ಕು ಅಲ್ಲಿ ಏಕೆ ಕೂತಿದೆ?’ ಎಂದು ಕೇಳಿ. ಈಗ ಬಹುಶಃ ‘ಅದಕ್ಕೆ ನಿದ್ದೆ ಬಂದಿದೆ’ ಎನ್ನುತ್ತಾನೆ. ಒಂದು ದಿನ ‘ಹಾಲು ಆರಲಿ ಅಂತ ಇಟ್ಟಿದ್ದರು, ಅದಕ್ಕೇ ಆರರ ಪಕ್ಕ ಕೂತಿದೆ’ ಎಂದರೆ ಅವನು ಗೆರೆ ದಾಟಿದ ಎಂದು ತಿಳಿಯಿರಿ. ಬೇರೆ ಗುರುತುಗಳೂ ಇವೆ. ಒಗಟಿನ ನಡುವೆ ‘ಅಲ್ಲ, ತಡೆಯಿರಿ, ತಪ್ಪು ಹೇಳಿದೆ’ ಎಂದು ತಾನೇ ತಿದ್ದಿಕೊಳ್ಳುತ್ತಾನೆ, ಏಕೆಂದರೆ ಒಂದು ಪದ ಬದಲಾದರೆ ಮೋಸ ಮುರಿಯುತ್ತದೆ ಎಂದು ಅವನಿಗೆ ಈಗ ಗೊತ್ತು. ನೀವು ಸೋಲುವವರೆಗೆ ಕಾಯುತ್ತಾನೆ. ಬಂದ ನೆಂಟರಿಗೆಲ್ಲ ಒಂದೇ ಒಗಟನ್ನು ಕೇಳಿ ಪ್ರಾಣ ತಿನ್ನುತ್ತಾನೆ. ಏಳು, ಎಂಟು ವರ್ಷದ ಹೊತ್ತಿಗೆ ಇದೆಲ್ಲ ಬರುತ್ತದೆ.

ಅಲ್ಲಿಯವರೆಗೆ ನಡುದಾರಿಯ ಒಗಟುಗಳನ್ನು ಕೊಡಿ. ‘ನಾಲ್ಕು ಕಾಲಿದ್ದರೂ ನಡೆಯದು ಯಾವುದು?’ ಎಂದರೆ ಉತ್ತರವಾದ ಮೇಜನ್ನು ಕಣ್ಣಿಂದ ನೋಡಬಹುದು, ಕಾಲನ್ನು ಮುಟ್ಟಬಹುದು. ಪದದ ಎರಡನೆಯ ಅರ್ಥ ಅಲ್ಲಿ ಎದುರಿಗೇ ನಿಂತಿರುತ್ತದೆ. ‘ಏಳು’ ಅಂತಹದ್ದಲ್ಲ, ಅದು ಕಿವಿಯಲ್ಲಿ ಮಾತ್ರ ಇದೆ. ಅಕ್ಕನಿಗೆ ‘ದಡ್ಡ’ ಎನ್ನುವುದನ್ನು ಬಿಡಿಸಿ, ಒಗಟು ಕಟ್ಟಿಕೊಡುವ ಕೆಲಸ ಹಚ್ಚಿ.

ನನಗೆ ಸಿಟ್ಟು ಬರುವುದು ನಿಮ್ಮ ಮನೆಯ ಮೇಲಲ್ಲ. ಒಗಟನ್ನು ನಾವೆಲ್ಲ ಸೇರಿ ಸಾಮಾನ್ಯ ಜ್ಞಾನದ ಪ್ರಶ್ನೆ ಮಾಡಿಟ್ಟಿದ್ದೇವೆ. ಸ್ಪರ್ಧೆಯಲ್ಲಿ ಗಂಟೆ ಬಾರಿಸಿ ಮೊದಲು ಹೇಳಿದವನಿಗೆ ಅಂಕ, ತರಗತಿಯಲ್ಲಿ ‘ಬೆಕ್ಕು’ ಎಂದು ಕೂಗಿದವನಿಗೆ ಗದರಿಕೆ. ಕೂಸು ನಕ್ಕರೆ ಮೊಬೈಲ್‌ನಲ್ಲಿ ಹಿಡಿದು ಊರಿಗೆಲ್ಲ ತೋರಿಸುವವರು, ಅದೇ ಮಗು ಆರನೆಯ ವಯಸ್ಸಿನಲ್ಲಿ ನಗಿಸಲು ಬಂದರೆ ‘ಸುಮ್ಮನಿರು’ ಎನ್ನುತ್ತಾರೆ. ಮಕ್ಕಳ ಪುಟಗಳನ್ನು ಮಾಡುವ ನಮ್ಮ ವೃತ್ತಿಯವರೂ ಒಗಟಿನ ಕೆಳಗೆ ಉತ್ತರವನ್ನು ತಲೆಕೆಳಗಾಗಿ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತೇವೆ, ಮಕ್ಕಳು ಕಟ್ಟಿದ ಒಗಟಿಗೆ ಜಾಗ ಕೊಡುವುದಿಲ್ಲ. ಈ ಪತ್ರಿಕೆಯಲ್ಲಿ ಅದು ಬದಲಾಗಬೇಕೆಂದು ನಾನು ಹಟ ಹಿಡಿದಿದ್ದೇನೆ. ನಿಮ್ಮ ಮಗನ ಒಗಟುಗಳನ್ನು ಅವನು ಹೇಳಿದ ಹಾಗೆಯೇ, ಒಂದಕ್ಷರವನ್ನೂ ತಿದ್ದದೆ ಬರೆದು ಕಳುಹಿಸಿ. ವಯಸ್ಸನ್ನು ತಪ್ಪದೆ ನಮೂದಿಸಿ.

— ಸಂಪಾದಕ