84 ರೂಪಾಯಿ ಷೇರು 79ಕ್ಕೆ ಹೋದದ್ದು ಯಾಕೆ?

*ಸಂಪಾದಕರೇ, ಕೊಯ್ಲಿನ ಕೂಲಿ ಬಟವಾಡೆಗೆ ದುಡ್ಡು ಬೇಕಿತ್ತು. ಸಣ್ಣ ಕಂಪನಿಯೊಂದರ 1,000 ಷೇರು ಒಟ್ಟಿಗೆ ಮಾರಿದೆ. ಮೊಬೈಲಿನಲ್ಲಿ ದಪ್ಪಕ್ಷರದಲ್ಲಿ 84 ರೂಪಾಯಿ ಅಂತಿತ್ತು. ಕೆಳಗೆ ಕೊಳ್ಳುವ ಬೆಲೆ 82, ಮಾರುವ ಬೆಲೆ 84.50 ಅಂತಲೂ ಇತ್ತು. ಕೈಗೆ ಬಂದದ್ದು ಷೇರಿಗೆ ಸುಮಾರು 79. ಬ್ರೋಕರ್ ನಡುವೆ ತಿಂದರೇ? ಕಾಂಟ್ರ್ಯಾಕ್ಟ್ ನೋಟ್ ಜೊತೆಗಿಟ್ಟಿದ್ದೇನೆ.*
*— ಓದುಗರು, ಮೂಡಿಗೆರೆ*

ನೋಟ್ ನೋಡಿದೆ. ಬ್ರೋಕರ್ ತಿಂದ ಗುರುತು ಅದರಲ್ಲಿಲ್ಲ. ನಿಮ್ಮ ಒಂದು ಆರ್ಡರ್ ಐದು ತುಂಡಾಗಿ, ಐದು ಬೆಲೆಗೆ ಮಾರಾಟವಾಗಿದೆ:

82.00ಕ್ಕೆ 120 ಷೇರು
81.20ಕ್ಕೆ 200
80.00ಕ್ಕೆ 250
78.50ಕ್ಕೆ 180
76.00ಕ್ಕೆ 250

ಒಟ್ಟು 79,210 ರೂಪಾಯಿ. ಸರಾಸರಿ 79.21. ಐದರ ಸಮಯವೂ ಒಂದೇ. ಅಂದರೆ ನೀವು ಹಾಕಿದ್ದು ಮಾರ್ಕೆಟ್ ಆರ್ಡರ್ ಇರಬೇಕು. ‘ಎಷ್ಟಕ್ಕಾದರೂ ಸರಿ, ಈಗಲೇ ಮಾರು’ ಎಂದು ಹೇಳಿದ ಹಾಗೆ.

ದಪ್ಪಕ್ಷರದ 84 ಕೊನೆಯ ವ್ಯಾಪಾರದ ಬೆಲೆ. ಅಷ್ಟಕ್ಕೆ ಕೊಳ್ಳುತ್ತೇನೆ ಅಂತ ಆ ಹೊತ್ತಿಗೆ ಯಾರೂ ಹೇಳಿಲ್ಲ. ದಿನಕ್ಕೆ ನಾಲ್ಕಾರು ಸಲ ಮಾತ್ರ ಕೈ ಬದಲಾಗುವ ಷೇರಿನಲ್ಲಿ ಆ ವ್ಯಾಪಾರ ಒಂದು ಗಂಟೆ ಹಿಂದಿನದೂ ಆಗಿರಬಹುದು. ಮಾರುವವರಿಗೆ ಲೆಕ್ಕಕ್ಕೆ ಬರುವುದು ಬಿಡ್, ಅಂದರೆ ಕೊಳ್ಳುವವರು ಕೊಡಲು ಒಪ್ಪಿದ 82. ಮಾರುವವರು ಕೇಳುತ್ತಿದ್ದ 84.50 ಆಸ್ಕ್. ನಡುವಿನ ಎರಡೂವರೆ ರೂಪಾಯಿಯೇ ಸ್ಪ್ರೆಡ್, ಸುಮಾರು ಶೇ. 3. ದೊಡ್ಡ ಕಂಪನಿಗಳ ಷೇರಿನಲ್ಲಿ ಈ ಅಂತರ ಸಾಮಾನ್ಯವಾಗಿ ಕೆಲವೇ ಪೈಸೆ.

ಆದರೆ ನಿಮಗೆ ಜಾಸ್ತಿ ಹೊಡೆತ ಬಿದ್ದದ್ದು ಸ್ಪ್ರೆಡ್‌ನಿಂದಲ್ಲ. ಎಲ್ಲ ಷೇರೂ 82ಕ್ಕೇ ಹೋಗಿದ್ದರೆ 84ರ ಲೆಕ್ಕಕ್ಕಿಂತ 2,000 ಕಮ್ಮಿ ಆಗುತ್ತಿತ್ತು, ಅಷ್ಟೇ. ಉಳಿದ 2,790 ರೂಪಾಯಿ ಹೋದದ್ದು ಡೆಪ್ತ್ ಇಲ್ಲದ್ದಕ್ಕೆ. 82ಕ್ಕೆ ಬೇಡಿಕೆ ಇದ್ದದ್ದು 120 ಷೇರಿಗೆ ಮಾತ್ರ. ಅದು ಮುಗಿದ ಮೇಲೆ ಆರ್ಡರ್ ಕೆಳಗಿನ ಬೆಲೆಗೆ ಇಳಿಯಿತು, ಅಲ್ಲೂ ಮುಗಿದಾಗ ಇನ್ನೂ ಕೆಳಕ್ಕೆ. ನೂರೇ ಷೇರು ಮಾರಿದ್ದರೆ ಅಷ್ಟೂ 82ಕ್ಕೇ ಹೋಗುತ್ತಿತ್ತು. ಆಪ್‌ನಲ್ಲಿ ‘ಮಾರ್ಕೆಟ್ ಡೆಪ್ತ್’ ಒತ್ತಿದರೆ ಎರಡೂ ಕಡೆಯ ಐದೈದು ಬೆಲೆ, ಪ್ರತಿ ಬೆಲೆಗೆ ಎಷ್ಟು ಷೇರು ಎನ್ನುವುದು ಕಾಣುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ.

ಕೊಳ್ಳುವವರು ಯಾಕೆ ಇಷ್ಟು ಕೆಳಗೆ ನಿಂತಿರುತ್ತಾರೆ? ಅವರಿಗೆ ಎರಡು ಭಯ. ನಾಳೆ ತಾನು ಮಾರಬೇಕಾದರೆ ಇದೇ ಪಾಡು ಅನ್ನುವುದು ಒಂದು. ಸಾವಿರ ಷೇರು ಒಮ್ಮೆಗೇ ಬಿಡುವವರಿಗೆ ಕಂಪನಿಯ ಏನೋ ಕೆಟ್ಟ ಸುದ್ದಿ ಗೊತ್ತಿರಬಹುದು ಅನ್ನುವುದು ಇನ್ನೊಂದು. ನಿಮಗೆ ಬೇಕಿದ್ದದ್ದು ಕೂಲಿಯ ದುಡ್ಡು ಅಂತ ಅವರಿಗೆ ಹೇಗೆ ತಿಳಿಯಬೇಕು! ಆ ಭಯದ ಬೆಲೆಯನ್ನು ಮೊದಲೇ ಕಳೆದು ಬಿಡ್ ಹಾಕುತ್ತಾರೆ. ಸಣ್ಣ, ಮಧ್ಯಮ ಕಂಪನಿಗಳಿಗೆಂದೇ ಇರುವ ಎಸ್‌ಎಂಇ ವೇದಿಕೆಯಲ್ಲಿ ಪಟ್ಟಿಯಾದ ಕಂಪನಿಗಳಿಗೆ ಕನಿಷ್ಠ ಮೂರು ವರ್ಷ ಮಾರ್ಕೆಟ್ ಮೇಕರ್ ಇರಬೇಕೆಂದು ಸೆಬಿ ನಿಯಮ ಮಾಡಿರುವುದು ಇದಕ್ಕೇ. ಆತ ಎರಡೂ ಕಡೆ ಬೆಲೆ ಹೇಳುತ್ತಿರಬೇಕು.

ಮೂಡಿಗೆರೆಯವರಾದ ನಿಮಗೆ ಇದು ಹೊಸದೇನಲ್ಲ. ಹತ್ತು ಮೂಟೆ ರೊಬಸ್ಟಾ ಕಾಫಿ ಚೆರ್ರಿ ಇದ್ದರೆ ಅವತ್ತಿನ ರೇಟಿಗೆ ಅವತ್ತೇ ಮಾರಬಹುದು. ಔಟ್‌ಟರ್ನ್, ತೇವಾಂಶ ನೋಡಿದರೆ ಮುಗಿಯಿತು. ಐದೆಕರೆ ತೋಟ ಮಾರಬೇಕಾದರೆ? ಪಹಣಿ, ಋಣಭಾರ, ಪೋಡಿ, ನೀರು, ದಾರಿ ಎಲ್ಲ ನೋಡಬೇಕು. ಒಂದು ತೋಟದಂತೆ ಇನ್ನೊಂದಿಲ್ಲ, ಕೊಳ್ಳುವವರೂ ಬೆರಳೆಣಿಕೆ. ‘ಪಕ್ಕದ ತೋಟ ಇಷ್ಟಕ್ಕೆ ಹೋಯಿತು’ ಅನ್ನುವ ಸುದ್ದಿ ನಿಮ್ಮ ಪರದೆಯ ಆ 84ರಂತೆಯೇ, ಹಳೆಯ ವ್ಯಾಪಾರದ ಬೆಲೆ.

ಮುಂದಿನ ಸಲ ಲಿಮಿಟ್ ಆರ್ಡರ್ ಹಾಕಿ, ಅಂದರೆ ‘ಇಷ್ಟಕ್ಕಿಂತ ಕಮ್ಮಿಗೆ ಮಾರಬೇಡ’ ಎಂದು ಹೇಳಿದ ಹಾಗೆ. 81.20 ಎಂದು ಹಾಕಿದ್ದರೆ 320 ಷೇರು ತಕ್ಷಣ ಹೋಗುತ್ತಿತ್ತು, ಉಳಿದ 680 ಅದೇ ಬೆಲೆಗೆ ಕಾಯುತ್ತಿತ್ತು. ಕಾಯುವಾಗ ಬೆಲೆ ಬೀಳಬಹುದು, ದಿನ ಮುಗಿದರೂ ಮಾರಾಟವಾಗದೆ ಇರಬಹುದು. ಶನಿವಾರ ಬಟವಾಡೆ ಇದ್ದರೆ ಅದು ಸಣ್ಣ ಮಾತಲ್ಲ. ಅದಕ್ಕೇ ವಾರ ಮೊದಲೇ ಸ್ವಲ್ಪ ಸ್ವಲ್ಪ ಮಾರುವುದು ಒಳ್ಳೆಯದು. ದಿನದ ಸರಾಸರಿ ವ್ಯಾಪಾರದ ಹತ್ತನೇ ಒಂದು ಭಾಗ ದಾಟಿದರೆ ನಾನಂತೂ ತುಂಡು ಮಾಡುತ್ತೇನೆ. ಡೆಪ್ತ್‌ನಲ್ಲಿ ಕಾಣುವ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಆ ಆರ್ಡರ್‌ಗಳನ್ನು ಯಾವ ಕ್ಷಣದಲ್ಲಾದರೂ ಹಿಂತೆಗೆಯಬಹುದು.

ಇನ್ನೊಂದು ವಿಷಯ. ಕೆಲವು ಷೇರಿನ ಬೆಲೆ ದಿನಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿಳಿಯಬಾರದು ಅನ್ನುವ ಮಿತಿ ಇರುತ್ತದೆ. ಹಿಂದಿನ ದಿನ 84ಕ್ಕೆ ಮುಗಿದಿದ್ದು, ನಿಮ್ಮ ಷೇರಿಗೂ ಆ ಮಿತಿ ಇದ್ದಿದ್ದರೆ 79.80ರ ಕೆಳಗೆ ವ್ಯಾಪಾರವೇ ಆಗುತ್ತಿರಲಿಲ್ಲ. 570 ಷೇರು ಹೋಗಿ 430 ನಿಮ್ಮ ಕೈಯಲ್ಲೇ ಉಳಿಯುತ್ತಿತ್ತು. ಕೊಳ್ಳುವ ಮುಂಚೆ ಆ ಮಿತಿ ಎಷ್ಟೆಂದು ನೋಡಿಕೊಳ್ಳಿ.