ಸುಮ್ಮನಿದ್ದರೂ ಜಾರುವ ಕರ್ಸರ್

ಪ್ರಶ್ನೆ: ಕೈ ಆಡಿಸಲಾಗದವರ ಮೆದುಳಿನ ಸಿಗ್ನಲ್‌ನಿಂದ ಕರ್ಸರ್ ಓಡುವುದು ಹೇಗೆ? ಒಂದು ಸಲ ಕಲಿಸಿದರೆ ಸಾಕಲ್ವಾ, ಮತ್ತೆ ಮತ್ತೆ ಯಾಕೆ ಹೊಂದಿಸುತ್ತಾರೆ?

ಉತ್ತರ: ಬೆನ್ನುಹುರಿಗೆ ಪೆಟ್ಟಾದರೂ, ಕೈ ಆಡಿಸಬೇಕು ಅಂದುಕೊಂಡಾಗ ಮೆದುಳಿನಲ್ಲಿ ಚಲನೆ ನಡೆಸುವ ಭಾಗವಾದ ಮೋಟಾರ್ ಕಾರ್ಟೆಕ್ಸ್‌ನ ನರಕೋಶಗಳು ಮಿಡಿಯುತ್ತಲೇ ಇರುತ್ತವೆ. ಅಲ್ಲಿ 4 ಮಿಲಿಮೀಟರ್ ಅಗಲದ, ಸುಮಾರು 100 ಸೂಜಿಗಳ ಪುಟ್ಟ ಚಿಪ್ ಕೂರಿಸುತ್ತಾರೆ. ಮೊದಲು ಕಲಿಸುವ ಹಂತ: ಪರದೆಯ ಮೇಲೆ ಕರ್ಸರ್ ತಾನೇ ಓಡುತ್ತದೆ. ಅದನ್ನು ನೋಡುತ್ತಾ ಆ ವ್ಯಕ್ತಿ ತನ್ನ ಕೈಯೇ ಹಾಗೆ ಚಲಿಸುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕು. ಯಾವ ದಿಕ್ಕಿಗೆ ಯಾವ ಕೋಶ ಜಾಸ್ತಿ ಮಿಡಿಯಿತು ಎಂಬುದನ್ನು ಕಂಪ್ಯೂಟರ್ ಗುರುತಿಟ್ಟುಕೊಳ್ಳುತ್ತದೆ. ಕೋಶ ದಿಕ್ಕನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಿಡಿತದ ಏರಿಳಿತ ಅಷ್ಟೇ ಸಿಗುವುದು.

ಒಂದು ಕೋಶವನ್ನೇ ನೋಡೋಣ. ಸುಮ್ಮನಿದ್ದಾಗ ಅದು ಸೆಕೆಂಡಿಗೆ 20 ಸಲ ಮಿಡಿಯುತ್ತದೆ ಅಂದುಕೊಳ್ಳಿ. ಬಲಕ್ಕೆ ಎಂದರೆ 35, ಎಡಕ್ಕೆ ಎಂದರೆ 5. ಮೇಲೆ ಅಥವಾ ಕೆಳಗೆ ಎಂದರೆ ಮತ್ತೆ 20ರ ಆಸುಪಾಸು. ಹಾಗಾಗಿ ಒಂದೇ ಕೋಶ ಸಾಲದು. ಹತ್ತಾರು ಕೋಶಗಳ ಲೆಕ್ಕ ಸೇರಿಸಿ, ಹತ್ತಾರು ಮಿಲಿಸೆಕೆಂಡಿಗೊಮ್ಮೆ ಕರ್ಸರ್‌ನ ವೇಗವನ್ನು ಅಂದಾಜು ಮಾಡುತ್ತಾರೆ. ರೋಬೋಟ್ ಕೈಗೂ ಇದೇ ಲೆಕ್ಕ. 2012ರಲ್ಲಿ ಪ್ರಕಟವಾದ ಬ್ರೈನ್‌ಗೇಟ್ ಎಂಬ ಸಂಶೋಧನಾ ತಂಡದ ಅಧ್ಯಯನದಲ್ಲಿ ಪಾರ್ಶ್ವವಾಯು ಪೀಡಿತ ಮಹಿಳೆಯೊಬ್ಬರು ಹೀಗೇ ಬಾಟಲಿ ಎತ್ತಿ ಕಾಫಿ ಕುಡಿದರು.

ಈಗ ತೊಂದರೆ ನೋಡಿ. ಮೆದುಳು ಮೆತ್ತಗಿದೆ, ಸೂಜಿ ಗಟ್ಟಿ. ಸೂಜಿ ಕೂದಲೆಳೆಯಷ್ಟು ಜರುಗಿದರೂ ಬೇರೆ ಕೋಶದ ಸದ್ದು ಕೇಳಿಸಬಹುದು. ವ್ಯಕ್ತಿ ದಣಿದರೂ ಮಿಡಿತ ಬದಲಾಗುತ್ತದೆ. ಸುಮ್ಮನಿದ್ದಾಗಿನ 20 ಈಗ 26 ಆಯಿತು ಅಂದರೆ, ಹಳೇ ಲೆಕ್ಕ ಅದನ್ನು "ಬಲಕ್ಕೆ ಹೋಗು" ಎಂದೇ ಓದುತ್ತದೆ. ವ್ಯಕ್ತಿ ಏನೂ ಯೋಚಿಸದೆ ಕೂತಿದ್ದರೂ ಕರ್ಸರ್ ನಿಧಾನವಾಗಿ ಒಂದೇ ಕಡೆಗೆ ಜಾರುತ್ತಿದ್ದರೆ ಇದೇ ಆಗಿದೆ ಎಂಬ ಸುಳಿವು. ಆಗ ಸುಮ್ಮನಿದ್ದಾಗಿನ ಮಟ್ಟವನ್ನು ಹೊಸದಾಗಿ ಅಳೆದು, ಕೆಲವು ನಿಮಿಷ ಕರ್ಸರ್‌ನಿಂದ ಪರದೆಯ ಮೇಲಿನ ಗುರಿಗಳನ್ನು ಮುಟ್ಟಿಸಿ, ಲೆಕ್ಕ ಸರಿಪಡಿಸುತ್ತಾರೆ.