ಶಾಲಾ ಶುಲ್ಕಕ್ಕೆ ಕಂತು ಕೇಳುವ ಪತ್ರ: ಮುಖ್ಯೋಪಾಧ್ಯಾಯರು ಸಹಿ ಹಾಕುವಂತೆ ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳು ಒಂದೇ ಶಾಲೆಯಲ್ಲಿದ್ದಾರೆ, 7 ಮತ್ತು 4ನೇ ತರಗತಿ. ಇಬ್ಬರ ವರ್ಷದ ಶುಲ್ಕ ಸೇರಿ 70,000 ರೂ. ದಾಖಲಾತಿ ಹೊತ್ತಿನಲ್ಲಿ ತಲಾ 10,000 ಕಟ್ಟಿದ್ದೇವೆ. ಉಳಿದದ್ದನ್ನು ಆಗಸ್ಟ್ 20ರೊಳಗೆ ಕಟ್ಟಬೇಕಂತೆ. ಯಜಮಾನರ ಸಂಬಳ ಕಡಿಮೆಯಾಗಿದೆ, ತಿಂಗಳಿಗೆ ಹೆಚ್ಚೆಂದರೆ 10,000 ತೆಗೆದಿಡಬಹುದು. ಸಂಬಳ ಬರುವುದು 7ನೇ ತಾರೀಕು. ಹೋದ ವರ್ಷ ‘ಸ್ವಲ್ಪ ಕಾಲಾವಕಾಶ ಕೊಡಿ’ ಎಂದು ಪತ್ರ ಕೊಟ್ಟಿದ್ದೆ, ಉತ್ತರವೇ ಬರಲಿಲ್ಲ. ಈ ಸಲ ಕಂತಿನ ಪಟ್ಟಿ ಹಾಕಿ ಬರೆಯೋಣ ಅಂತಿದ್ದೇನೆ. ಹೇಗೆ ಬರೆಯಲಿ?

ಉತ್ತರ: ಹೋದ ವರ್ಷದ ಪತ್ರಕ್ಕೆ ಉತ್ತರ ಬಾರದಿರಲು ಕಾರಣ ಆ ‘ಸ್ವಲ್ಪ’ ಎಂಬ ಪದವೇ ಇರಬೇಕು. ಶುಲ್ಕದ ವಿಷಯದಲ್ಲಿ ಮುಖ್ಯೋಪಾಧ್ಯಾಯರು ಬಹುಪಾಲು ಒಬ್ಬರೇ ತೀರ್ಮಾನಿಸುವುದಿಲ್ಲ. ಪತ್ರ ಆಡಳಿತ ಮಂಡಳಿಗೋ ಲೆಕ್ಕ ನೋಡುವವರಿಗೋ ಹೋಗುತ್ತದೆ. ಎಷ್ಟು, ಯಾವತ್ತು, ಕೊನೆಯ ಕಂತು ಯಾವಾಗ ಎನ್ನುವುದು ಅದರಲ್ಲಿ ಇಲ್ಲದಿದ್ದರೆ ‘ಒಪ್ಪಿದೆ’ ಎಂದು ಬರೆಯಲು ಅವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಮೊದಲು ಪಟ್ಟಿ ಮಾಡಿಕೊಳ್ಳಿ, ಆಮೇಲೆ ಪತ್ರ.

ಬಾಕಿ 50,000, ತಿಂಗಳಿಗೆ 10,000 ಸಾಧ್ಯ. ಐದು ಕಂತು ಎಂದು ತಕ್ಷಣ ಬರೆದುಬಿಡಬೇಕೆನಿಸುತ್ತದೆ. ಬೇಡ. 10,000 ಎಂಬುದು ಎಲ್ಲವೂ ಸರಿಯಾಗಿ ನಡೆದ ತಿಂಗಳ ಲೆಕ್ಕ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅದು ಮುರಿಯುತ್ತದೆ, ಒಂದು ಕಂತು ತಪ್ಪಿದರೆ ಇಡೀ ಪಟ್ಟಿಯ ಮೇಲೆ ಶಾಲೆಗೆ ನಂಬಿಕೆ ಹೋಗುತ್ತದೆ. 8,500ರಂತೆ ಆರು ತಿಂಗಳಿಗೆ ಹರಡಿದರೆ ಕೈಯಲ್ಲಿ 1,500 ಉಳಿಯುತ್ತದೆ, ಕೊನೆಯ ಕಂತು 7,500ಕ್ಕೆ ಇಳಿಯುತ್ತದೆ, ಜನವರಿಯಲ್ಲಿ ಮುಗಿಯುತ್ತದೆ. ಈ ಜನವರಿ ಮುಖ್ಯ. ಪರೀಕ್ಷೆ ಮುಗಿದು ಮಕ್ಕಳು ಹೊರಟ ಮೇಲೂ ಬಾಕಿ ಉಳಿದೀತು ಎನ್ನುವುದೇ ಶಾಲೆಯವರ ದೊಡ್ಡ ಭಯ. ವಾರ್ಷಿಕ ಪರೀಕ್ಷೆಗೆ ಮೊದಲೇ ಮುಗಿಯುವ ಪಟ್ಟಿಗೆ ಒಪ್ಪಿಗೆ ಸಿಗುವುದು ಸುಲಭ.

ತಾರೀಕು 10 ಎಂದು ಇಡಿ. ಸಂಬಳದ ದಿನವನ್ನೇ ಬರೆದರೆ ಬ್ಯಾಂಕಿನಲ್ಲಿ ಒಂದು ದಿನ ತಡವಾದರೂ ನೀವು ಮಾತು ತಪ್ಪಿದಂತಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ನಿಮಗೆ ಅದು ಒಂದೇ ಮನೆಯ 50,000. ಶಾಲೆಯ ಪುಸ್ತಕದಲ್ಲಿ ಮಾತ್ರ ಎರಡು ಪ್ರತ್ಯೇಕ ಖಾತೆ, ಎರಡು ದಾಖಲಾತಿ ಸಂಖ್ಯೆ, ಎರಡು ರಸೀದಿ. ಒಟ್ಟು ಮೊತ್ತ ಮಾತ್ರ ಬರೆದು ಕಟ್ಟಿದರೆ ಗುಮಾಸ್ತರು ಇಡೀ 8,500ನ್ನು ದೊಡ್ಡ ಮಗುವಿನ ಹೆಸರಿಗೇ ಜಮಾ ಮಾಡಿಬಿಡಬಹುದು. ಆಗ ಪ್ರತಿ ತಿಂಗಳೂ ಕಟ್ಟುತ್ತಿದ್ದರೂ ಚಿಕ್ಕ ಮಗುವಿನ ಹೆಸರು ಬಾಕಿದಾರರ ಪಟ್ಟಿಯಲ್ಲಿ ಬರುತ್ತದೆ. ಅದಕ್ಕೇ ಪ್ರತಿ ಕಂತನ್ನೂ ಮಕ್ಕಳ ಹೆಸರಿಗೆ ಒಡೆದು ತೋರಿಸಬೇಕು. 7ನೇ ತರಗತಿಯ ಶುಲ್ಕ 38,000, 4ನೆಯದು 32,000 ಎಂದಿಟ್ಟುಕೊಂಡು ಮಾದರಿ ಹಾಕಿದ್ದೇನೆ. ನಿಮ್ಮ ಶಾಲೆಯ ರಸೀದಿ ನೋಡಿ ಅಂಕಿ ಬದಲಿಸಿಕೊಳ್ಳಿ. ವಾಹನ ಶುಲ್ಕ, ಪುಸ್ತಕದ ಹಣ ಇದರಲ್ಲೇ ಸೇರಿದೆಯೋ ಬೇರೆಯೋ ಎಂದು ಕಚೇರಿಯಲ್ಲಿ ಕೇಳಿಯೇ ಬರೆಯಿರಿ. ನಿಮ್ಮ ಬಾಕಿಗೂ ಅವರ ಬಾಕಿಗೂ ನೂರು ರೂಪಾಯಿ ವ್ಯತ್ಯಾಸವಿದ್ದರೂ ಪತ್ರ ತಿದ್ದುಪಡಿಗೆ ವಾಪಸು ಬರುತ್ತದೆ.

ಪತ್ರ ಹೀಗಿರಲಿ:

ದಿನಾಂಕ: ……

ಇವರಿಂದ: (ನಿಮ್ಮ ಹೆಸರು, ವಿಳಾಸ, ಫೋನ್)
ಇವರಿಗೆ: ಮುಖ್ಯೋಪಾಧ್ಯಾಯರು, (ಶಾಲೆಯ ಹೆಸರು)

ಮಾನ್ಯರೇ,

ವಿಷಯ: ಬಾಕಿ ಶುಲ್ಕ 50,000 ರೂ.ಗಳನ್ನು ಆರು ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ.

ನನ್ನ ಮಕ್ಕಳಾದ …… (7ನೇ ತರಗತಿ, ದಾಖಲಾತಿ ಸಂಖ್ಯೆ ……) ಮತ್ತು …… (4ನೇ ತರಗತಿ, ದಾಖಲಾತಿ ಸಂಖ್ಯೆ ……) ತಮ್ಮ ಶಾಲೆಯಲ್ಲಿ ಓದುತ್ತಿದ್ದಾರೆ. ಇಬ್ಬರ ವಾರ್ಷಿಕ ಶುಲ್ಕ 70,000 ರೂ.ಗಳಲ್ಲಿ 20,000 ರೂ. ಪಾವತಿಸಿದ್ದೇವೆ (ರಸೀದಿ ಸಂಖ್ಯೆ ……, ……). ನನ್ನ ಪತಿಯವರ ಸಂಬಳ ಕಡಿಮೆಯಾಗಿರುವುದರಿಂದ ಉಳಿದ ಹಣವನ್ನು ಆಗಸ್ಟ್ 20ರೊಳಗೆ ಒಂದೇ ಸಲ ಕಟ್ಟಲು ಆಗುತ್ತಿಲ್ಲ. ಕೆಳಗಿನ ಪಟ್ಟಿಯಂತೆ ಕಟ್ಟಲು ಅನುಮತಿ ನೀಡಬೇಕೆಂದೂ, ಈ ದಿನಾಂಕಗಳಿಗೆ ಸರಿಯಾಗಿ ಕಟ್ಟಿದರೆ ತಡಪಾವತಿ ದಂಡ ವಿಧಿಸಬಾರದೆಂದೂ ಕೋರುತ್ತೇನೆ. ಮೊದಲ ಕಂತನ್ನು ಈ ಪತ್ರದೊಂದಿಗೇ ಕಟ್ಟುತ್ತಿದ್ದೇನೆ. ನಿಗದಿತ ದಿನ ರಜೆಯಿದ್ದರೆ ಮರು ಕೆಲಸದ ದಿನ ಕಟ್ಟುತ್ತೇನೆ.

| ಕಂತು | ದಿನಾಂಕ | 7ನೇ ತರಗತಿ (ರೂ.) | 4ನೇ ತರಗತಿ (ರೂ.) | ಒಟ್ಟು (ರೂ.) | ಉಳಿಯುವ ಬಾಕಿ (ರೂ.) | ರಸೀದಿ ಸಂಖ್ಯೆ |
|---|---|---|---|---|---|---|
| 1 | ಆಗಸ್ಟ್ 10 | 5,000 | 3,500 | 8,500 | 41,500 | |
| 2 | ಸೆಪ್ಟೆಂಬರ್ 10 | 5,000 | 3,500 | 8,500 | 33,000 | |
| 3 | ಅಕ್ಟೋಬರ್ 10 | 5,000 | 3,500 | 8,500 | 24,500 | |
| 4 | ನವೆಂಬರ್ 10 | 5,000 | 3,500 | 8,500 | 16,000 | |
| 5 | ಡಿಸೆಂಬರ್ 10 | 5,000 | 3,500 | 8,500 | 7,500 | |
| 6 | ಜನವರಿ 10 | 3,000 | 4,500 | 7,500 | 0 | |
| ಒಟ್ಟು | | 28,000 | 22,000 | 50,000 | | |

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಕೊಡುವ ಮುನ್ನ ಪಟ್ಟಿಯನ್ನು ಎರಡು ದಿಕ್ಕಿನಲ್ಲೂ ಕೂಡಿ ನೋಡಿ. ಅಡ್ಡ ಸಾಲಿನ ಎರಡು ಮೊತ್ತ ಸೇರಿ ‘ಒಟ್ಟು’ ಬರಬೇಕು, ಮಕ್ಕಳ ಕಾಲಂಗಳನ್ನು ಕೆಳಕ್ಕೆ ಕೂಡಿದರೆ 28,000 ಮತ್ತು 22,000 ಬರಬೇಕು, ಬಾಕಿಯ ಕಾಲಂ ಸೊನ್ನೆಯಲ್ಲಿ ನಿಲ್ಲಬೇಕು. ಕೊನೆಯ ಕಂತಿನಲ್ಲಿ ಮಕ್ಕಳ ಪಾಲು ತಿರುವುಮುರುವಾಗಿದೆಯಲ್ಲ ಎಂದು ಗಾಬರಿಯಾಗಬೇಡಿ, ಅವರವರ ಬಾಕಿ ತೀರಬೇಕಾದರೆ ಅದು ಹಾಗೇ ಬರುತ್ತದೆ. ರಸೀದಿಯ ಕಾಲಂ ಖಾಲಿ ಇರಲಿ. ಕಟ್ಟಿದಂತೆಲ್ಲ ನಿಮ್ಮ ಪ್ರತಿಯಲ್ಲಿ ತುಂಬುತ್ತ ಹೋಗಿ.

ಕಾರಣಕ್ಕೆ ಒಂದೇ ವಾಕ್ಯ ಕೊಟ್ಟಿರುವುದು ಬೇಕೆಂದೇ. ಮನೆಯ ಕಷ್ಟವನ್ನು ಪುಟಗಟ್ಟಲೆ ಬರೆದರೆ ಆ ಪತ್ರ ಕಚೇರಿಯಲ್ಲಿ ಐದಾರು ಕೈ ದಾಟುತ್ತದೆ ಅನ್ನುವುದನ್ನು ಮರೆಯಬೇಡಿ. ಕೇಳಿದರೆ ತೋರಿಸಲು ಸಂಬಳದ ಚೀಟಿ ಕೈಯಲ್ಲಿರಲಿ, ಸಾಕು. ದಂಡದ ಮಾತನ್ನು ಮಾತ್ರ ಬಿಡಬೇಡಿ. ಕಂತಿಗೆ ಒಪ್ಪಿದ ಮಾತ್ರಕ್ಕೆ ದಂಡ ಬಿಟ್ಟಂತೆ ಆಗುವುದಿಲ್ಲ. ಕೆಲವು ಕಡೆ ಕಟ್ಟಿದ ಹಣದಲ್ಲಿ ಮೊದಲು ದಂಡ ಹಿಡಿದು ಉಳಿದದ್ದನ್ನು ಶುಲ್ಕಕ್ಕೆ ಹಾಕುತ್ತಾರೆ, ಆಗ ಎರಡನೇ ತಿಂಗಳಿಗೇ ನಿಮ್ಮ ಪಟ್ಟಿಯ ಬಾಕಿಗೂ ಅವರ ಬಾಕಿಗೂ ತಾಳೆಯಾಗುವುದಿಲ್ಲ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಇದು ಪತ್ರ ತಲುಪಿದ್ದಕ್ಕೆ ಗುರುತು, ಒಪ್ಪಿಗೆಯಲ್ಲ. ಒಂದು ವಾರ ಬಿಟ್ಟು ಹೋಗಿ, ‘ಅನುಮತಿಸಲಾಗಿದೆ’ ಎಂದು ಅದೇ ಪ್ರತಿಯ ಮೇಲೆ ಬರೆಸಿಕೊಳ್ಳಿ. ಆರು ಕಂತಿಗೆ ಒಪ್ಪದೆ ನಾಲ್ಕೇ ಎಂದರೆ ಅಲ್ಲೇ ತಲೆಯಾಡಿಸಬೇಡಿ. ನಾಲ್ಕು ಕಂತೆಂದರೆ ತಿಂಗಳಿಗೆ 12,500, ಅದು ನಿಮ್ಮ ಕೈಗೆ ಮೀರಿದ್ದು. ಆಗಲೇ ಕಟ್ಟಿದ 8,500ಕ್ಕೆ ಕೈಯಲ್ಲುಳಿದ 1,500 ಸೇರಿಸಿ, ಐದು ಕಂತಿಗೆ 10,000ರಂತೆ ಹೊಸ ಪಟ್ಟಿ ಕೊಡಬಹುದು, ಐದಕ್ಕಿಂತ ಕಡಿಮೆ ಕಂತಿಗೆ ಒಪ್ಪಬೇಡಿ. ಮುಂದಿನ ದಿನಾಂಕದ ಚೆಕ್‌ಗಳನ್ನು ಕೇಳಿದರೂ ಯೋಚಿಸಿ. ಒಂದು ಚೆಕ್ ವಾಪಸಾದರೆ ಬ್ಯಾಂಕಿನ ದಂಡವೂ ತಲೆಗೆ ಬರುತ್ತದೆ.

ನಡುವೆ ಒಂದು ಕಂತು ತಡವಾಗುವ ಹಾಗಿದ್ದರೆ 10ನೇ ತಾರೀಕಿಗೆ ಮೊದಲೇ ಎರಡು ಸಾಲು ಬರೆದುಕೊಡಿ: ಯಾವ ಕಂತು, ಯಾವ ದಿನ ಕಟ್ಟುತ್ತೀರಿ, ಈಗ ಎಷ್ಟು ಕಟ್ಟುತ್ತಿದ್ದೀರಿ. ಪೂರ್ತಿ ಇಲ್ಲದಿದ್ದರೆ ಇದ್ದಷ್ಟನ್ನು ಎರಡೂ ಮಕ್ಕಳ ಹೆಸರಿಗೆ ಹಂಚಿ ಕಟ್ಟಿ, ರಸೀದಿ ಪಡೆಯಿರಿ.